ಟಿವಿ ಮೆನುವಿನ ಒಂದು ಕೊರಿಯನ್ ಅಕ್ಷರ, ಎರಡು ಅರ್ಥ

ದಕ್ಷಿಣ ಕೊರಿಯಾದ ಸುವಾನ್‌ನಂಥ ಊರಿಗೆ ಕೆಲಸಕ್ಕೆ ಹೋಗಿ ಬಾಡಿಗೆ ಕೋಣೆ ಹಿಡಿದರೆ, ಗೋಡೆಗೆ ಟಿವಿ ಮೊದಲೇ ಇರುವುದುಂಟು. ಮೆನು ಪೂರ್ತಿ ಕೊರಿಯನ್‌ನಲ್ಲಿರುತ್ತದೆ. ಚಿತ್ರ ನೀಲಿ ಹೊಡೆಯುತ್ತಿದೆ, ಸರಿ ಮಾಡೋಣವೆಂದು ರಿಮೋಟ್ ಒತ್ತುತ್ತಾ ಹೋದವರು ಕೊನೆಗೆ ಇಡೀ ಟಿವಿಯನ್ನೇ ಅಳಿಸಿಬಿಡುತ್ತಾರೆ. ಇದಕ್ಕೆ ಒಂದು ಕಾರಣ 화 ಎಂಬ ಅಕ್ಷರ.

ಕೊರಿಯನ್ ಲಿಪಿ ಕನ್ನಡಿಗರಿಗೆ ತೀರಾ ಅಪರಿಚಿತವೇನಲ್ಲ. ನಮ್ಮ ಗುಣಿತಾಕ್ಷರದಂತೆ ಅಲ್ಲೂ ವ್ಯಂಜನ, ಸ್ವರ ಸೇರಿ ಒಂದು ಗುಂಪಾಗುತ್ತವೆ. 화 ಎಂದರೆ ‘ಹ್ವಾ’. ಚಿತ್ರಕ್ಕೆ, ಪರದೆಗೆ 화면, ಅಂದರೆ ‘ಹ್ವಾಮ್ಯೊನ್’. ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವುದಕ್ಕೆ 초기화, ‘ಛೊಗಿಹ್ವಾ’. ಎರಡೂ ಚೀನೀ ಮೂಲದ ಪದಗಳೇ. ಚೀನೀ ಬರಹದಲ್ಲಿ ಈ ಎರಡು ‘ಹ್ವಾ’ಗಳು ಬೇರೆ ಬೇರೆ ಅಕ್ಷರಗಳು, ಒಂದಕ್ಕೆ ಚಿತ್ರ ಎಂಬ ಅರ್ಥ, ಇನ್ನೊಂದಕ್ಕೆ ‘ಆಗಿಸು’ ಎಂಬ ಅರ್ಥ. ಕೊರಿಯನ್ ಲಿಪಿಯಲ್ಲಿ ಮಾತ್ರ ಎರಡೂ ಒಂದೇ ರೂಪ. ಆದ್ದರಿಂದ 화 ಒಂದನ್ನೇ ನೋಡದೆ ಇಡೀ ಪದ ನೋಡಿ: 화면 ಎಂದು ಶುರುವಾದರೆ ಚಿತ್ರ, 초기화 ಎಂದು ಮುಗಿದರೆ ಅಳಿಸುವ ಕೆಲಸ. 화면 초기화 ಎಂದು ಎರಡೂ ಒಟ್ಟಿಗೆ ಬಂದರೆ ಚಿತ್ರದ ಹೊಂದಾಣಿಕೆ ಮಾತ್ರ ಹಳೆಯದಕ್ಕೆ ಮರಳುತ್ತದೆ, ವೈಫೈಗೂ ಆ್ಯಪ್‌ಗಳಿಗೂ ಏನೂ ಆಗುವುದಿಲ್ಲ.

ನಿಜ ಹೇಳಬೇಕೆಂದರೆ ಹೆಚ್ಚಿನವರಿಗೆ ಬೇಕಿರುವುದು ಭಾಷೆ ಬದಲಾವಣೆ, ಅಷ್ಟೇ. ಹಲ್ಲಿನ ಚಕ್ರದ ಗುರುತು ಇರುವ 설정 ಎಂಬ ಸೆಟ್ಟಿಂಗ್ಸ್ ತೆರೆದು, 일반 ಎಂಬ ಸಾಮಾನ್ಯ ವಿಭಾಗದೊಳಗೆ 언어 ಹುಡುಕಿ. ಅದು ಭಾಷೆ. ಕೆಲವು ಮಾದರಿಗಳಲ್ಲಿ ನಡುವೆ ಇನ್ನೊಂದು ಮೆಟ್ಟಿಲು ಇಳಿಯಬೇಕಾಗುತ್ತದೆ. ಪಟ್ಟಿಯಲ್ಲಿ ಇಂಗ್ಲಿಷ್ ಇದ್ದರೆ English ಎಂದೇ ಬರೆದಿರುತ್ತದೆ.

ಇನ್ನು ನೀಲಿ ಚಿತ್ರದ ಮಾತು. 화면 ವಿಭಾಗದಲ್ಲಿ ಚಿತ್ರದ ಮೋಡ್‌ಗಳು ಸಾಲಾಗಿರುತ್ತವೆ. 선명한 ಎಂದು ಶುರುವಾಗುವುದು ಕಣ್ಣು ಕುಕ್ಕುವ ಮೋಡ್, 표준 ಸಾಧಾರಣ, 영화 ಅಥವಾ 시네마 ಸಿನಿಮಾ ಮೋಡ್. ಮೊದಲನೆಯದರಲ್ಲಿ ಬಿಳಿ ಬಣ್ಣವನ್ನು ಬೇಕೆಂದೇ ನೀಲಿಯತ್ತ ಎಳೆದಿರುತ್ತಾರೆ, ಏಕೆಂದರೆ ಅಂಗಡಿಯ ಝಗಮಗ ಬೆಳಕಿನಲ್ಲಿ ನೀಲಿ ಬಿಳಿಯೇ ಹೆಚ್ಚು ಬೆಳ್ಳಗೆ ಕಾಣುತ್ತದೆ. ಸಿನಿಮಾ ಮೋಡ್ ಸುಮಾರು 6500 ಕೆಲ್ವಿನ್ ಬಿಳಿಯನ್ನು ಗುರಿಯಾಗಿಟ್ಟುಕೊಳ್ಳುತ್ತದೆ. ಚಿತ್ರ ತಯಾರಾಗುವ ಸ್ಟುಡಿಯೋ ಪರದೆಗಳಿಗೂ ಅದೇ ಅಳತೆ. ನೀಲಿಗೆ ಒಗ್ಗಿದ ಕಣ್ಣಿಗೆ ಇದು ಮೊದಲು ಹಳದಿ ಎನಿಸುತ್ತದೆ. ಟಿವಿ ಕೆಟ್ಟಿತು ಎಂದು ತಕ್ಷಣ ಹಿಂದಕ್ಕೆ ಹೋಗಬೇಡಿ, ಒಂದು ಸಂಜೆ ಹಾಗೇ ಬಿಡಿ.

ಮೋಡ್ ಬದಲಾಯಿಸಿದರೂ ಏನೂ ಆಗಲಿಲ್ಲ ಎಂಬ ದೂರು ಇಲ್ಲೇ ಹುಟ್ಟುವುದು. ಟಿವಿಯೊಳಗಿನ ಆ್ಯಪ್ ನೋಡುತ್ತಾ ಸಿನಿಮಾ ಮೋಡ್ ಹಾಕಿರುತ್ತೀರಿ. ಆಮೇಲೆ HDMI 1ರಲ್ಲಿರುವ ಸೆಟ್ ಟಾಪ್ ಬಾಕ್ಸ್‌ಗೆ ಹೋದರೆ ಮತ್ತೆ ಅದೇ ನೀಲಿ. ಎಷ್ಟೋ ಟಿವಿಗಳು ಚಿತ್ರದ ಮೋಡ್ ಅನ್ನು ಒಂದೊಂದು ಇನ್‌ಪುಟ್‌ಗೂ ಬೇರೆ ಬೇರೆಯಾಗಿ ನೆನಪಿಡುತ್ತವೆ. ಇನ್‌ಪುಟ್‌ಗೆ ಅಲ್ಲಿನ ಹೆಸರು 외부입력, ಅಂದರೆ ‘ಹೊರಗಿನ ಒಳಹರಿವು’. ರಿಮೋಟ್ ಮೇಲೂ ಎಷ್ಟೋ ಸಲ ಇದೇ ಬರೆದಿರುತ್ತದೆ. ಕೊನೆಯ 입력 ಅನ್ನು ಬಿಡಿಯಾಗಿ ಓದಿದರೆ ‘ಇಪ್’, ‘ರ್ಯೊಕ್’, ಒಟ್ಟಿಗೆ ಅಂದರೆ ‘ಇಮ್ನ್ಯೊಕ್’. ಷಟ್ ಮತ್ತು ಮುಖ ಸೇರಿ ಷಣ್ಮುಖ ಆದಂತೆ ಇಲ್ಲೂ ಮೂಗಿನ ದನಿ ಬಂದು ಕೂರುತ್ತದೆ.

ಹಾಗಾಗಿ ಮೊದಲು 외부입력 ಒತ್ತಿ HDMI 1ಕ್ಕೆ ಹೋಗಿ, ಬಾಕ್ಸ್‌ನ ಚಿತ್ರ ತೆರೆಯ ಮೇಲಿರುವಾಗಲೇ ಮೋಡ್ ಬದಲಿಸಿ. ಎಲ್ಲ ಇನ್‌ಪುಟ್‌ಗಳಿಗೂ ಒಂದೇ ಸಲ ಹಾಕುವ ಸೌಲಭ್ಯವಿದ್ದರೆ ಅಲ್ಲಿ 모든 ಎಂಬ ಪದ ಕಾಣುತ್ತದೆ, ಅರ್ಥ ‘ಎಲ್ಲ’. 현재 ಎಂದರೆ ಈಗಿನದು ಮಾತ್ರ. 신호 없음 ಎಂದು ಕಂಡರೆ ಸಿಗ್ನಲ್ ಇಲ್ಲ ಎಂದು. ಬಾಕ್ಸ್ ಆರಿರಬಹುದು, ಅಥವಾ ಕೇಬಲ್ ಇನ್ನೊಂದು ಕಿಂಡಿಯಲ್ಲಿರಬಹುದು. ಅದಕ್ಕೆ ರೀಸೆಟ್ ಮದ್ದಲ್ಲ.

ಹಿಂದಿನ ಬಾಡಿಗೆದಾರರ ಖಾತೆಗಳು ಟಿವಿಯಲ್ಲೇ ಉಳಿದಿದ್ದರೆ ಮಾತ್ರ ಪೂರ್ತಿ ರೀಸೆಟ್‌ಗೆ ಅರ್ಥವಿದೆ. 설정, 일반, ಆಮೇಲೆ 초기화. ಪಿನ್ ಕೇಳಿದರೆ, ಯಾರೂ ಬದಲಿಸಿಲ್ಲದಿದ್ದರೆ, ಸಾಮಾನ್ಯವಾಗಿ 0000. ಕಡೆಗೆ ಬರುವ ಪ್ರಶ್ನೆಯಲ್ಲಿ ಒಂದೇ ಅಕ್ಷರದ 예 ಎಂದರೆ ಹೌದು, ಮೂರು ಅಕ್ಷರದ 아니요 ಎಂದರೆ ಬೇಡ. ಎರಡೆರಡು ಅಕ್ಷರ ಕಂಡರೆ 확인 ಒಪ್ಪಿಗೆ, 취소 ರದ್ದು. ವೈಫೈ ಗುಪ್ತಪದ, ಲಾಗಿನ್‌ಗಳು, ಚಿತ್ರದ ಹೊಂದಾಣಿಕೆ ಎಲ್ಲ ಹೋಗುತ್ತವೆ. ಅಪ್‌ಡೇಟ್ ಆದ ಸಾಫ್ಟ್‌ವೇರ್ ಮಾತ್ರ ಹಳೆಯ ಆವೃತ್ತಿಗೆ ಮರಳುವುದಿಲ್ಲ.

ಮತ್ತೆ ಹೊತ್ತಿಕೊಂಡ ಟಿವಿ, ತಾನಿರುವುದು ಮನೆಯಲ್ಲೋ ಅಂಗಡಿಯಲ್ಲೋ ಎಂದು ಕೇಳುವುದುಂಟು. 가정 ಅಥವಾ 홈 ಮನೆ, 매장 ಅಂಗಡಿ. ಅಂಗಡಿ ಆರಿಸಿಕೊಂಡವರಿಗೆ ಆಮೇಲೆ ವಿಚಿತ್ರ ಕಾಟ: ಸಿನಿಮಾ ಮೋಡ್ ಹಾಕಿಟ್ಟರೂ ಸ್ವಲ್ಪ ಹೊತ್ತಿನಲ್ಲಿ ಟಿವಿ ತಾನಾಗಿಯೇ ಕಣ್ಣು ಕುಕ್ಕುವ ನೀಲಿಗೆ ಮರಳುತ್ತದೆ, ಜಾಹೀರಾತಿನ ಪಟ್ಟಿ ತೆರೆಗೆ ಅಡ್ಡ ಬರುತ್ತದೆ. ಅದು ಕೆಟ್ಟಿಲ್ಲ, ಗಿರಾಕಿಗಳು ಮುಟ್ಟಿ ಕೆಡಿಸಿದ್ದನ್ನು ಸರಿಮಾಡುತ್ತಿದ್ದೇನೆ ಎಂದುಕೊಂಡಿದೆ. 매장 ಎಂದಿರುವುದನ್ನು ಮತ್ತೆ 가정 ಅಥವಾ 홈‌ಗೆ ಬದಲಿಸಿದರೆ ಸಾಕು, ಎರಡನೇ ರೀಸೆಟ್ ಬೇಕಾಗುವುದಿಲ್ಲ.