ವಿಳಾಸವನ್ನು ಬಲಗಡೆಯಿಂದ ಓದಿ

ವೆಬ್‌ಸೈಟಿನ ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದ್ದರೆ ಧೈರ್ಯವಾಗಿ ದುಡ್ಡು ಕಟ್ಟಬಹುದು ಎಂಬ ನಂಬಿಕೆ ಜನರಲ್ಲಿ ಬೇರು ಬಿಟ್ಟಿದೆ. ಓದಿಕೊಂಡವರೂ ಇದನ್ನೇ ಹೇಳಿಕೊಡುತ್ತಾರೆ. ಇದು ತಪ್ಪು. ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಓಡಾಡುವ ಮಾಹಿತಿಯನ್ನು ಮೂರನೆಯವರು ಓದಲಾರರು ಎಂಬುದಷ್ಟೇ ಬೀಗದ ಅರ್ಥ. ಆ ಕಡೆ ಕೂತವರು ದೇವಸ್ಥಾನದವರೋ ಕಳ್ಳರೋ ಎಂಬುದು ಅದಕ್ಕೆ ಗೊತ್ತಿಲ್ಲ. ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ. ಅರ್ಜಿ ಹಾಕಿದವರ ಹತೋಟಿಯಲ್ಲಿ ಆ ಹೆಸರು ಇದೆಯೇ ಎಂದು ಮಾತ್ರ ಅಲ್ಲಿನ ಯಂತ್ರ ನೋಡುತ್ತದೆ. ಹೀಗಾಗಿ ಮೋಸದ ಸೈಟಿಗೂ ಬೀಗ ಸಲೀಸಾಗಿ ಸಿಗುತ್ತದೆ. ಜನ ಬೀಗವನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎಂದೇ ಗೂಗಲ್ 2023ರಲ್ಲಿ ತನ್ನ ಕ್ರೋಮ್‌ನಿಂದ ಆ ಚಿತ್ರವನ್ನು ತೆಗೆಯಿತು.

ಹಾಗಾದರೆ ನೋಡಬೇಕಾದದ್ದು ಏನು? ವಿಳಾಸವನ್ನೇ, ಆದರೆ ಬಲಗಡೆಯಿಂದ.

ಮುಳಬಾಗಿಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗುವಿನ ಮುಡಿ ತೆಗೆಸಬೇಕು, ಅಜ್ಜಿಗೆ ಮಂಡಿನೋವು, ತಿರುಮಲದಲ್ಲಿ ಒಂದು ರಾತ್ರಿ ಕೊಠಡಿ ಬೇಕು. ಟಿಟಿಡಿಯ ಸೈಟಿನಲ್ಲಿ ಕೊಠಡಿಗಳು ತಿಂಗಳುಗಟ್ಟಲೆ ಮೊದಲೇ ಬಿಡುಗಡೆಯಾಗಿ ಖಾಲಿಯಾಗಿಬಿಡುತ್ತವೆ. ಹಾಗಾಗಿ ಮನೆಯ ಮಗ ಗೂಗಲ್‌ನಲ್ಲಿ ಹುಡುಕುತ್ತಾನೆ. ಎಲ್ಲಕ್ಕಿಂತ ಮೇಲೆ ಬರುವುದು ಒಂದು ಜಾಹೀರಾತು. ಒತ್ತಿದರೆ ಗೋಪುರದ ಫೋಟೊ, ಮೂರು ನಾಮ, ‘ಈ ಶನಿವಾರಕ್ಕೆ ಕೊಠಡಿ ಲಭ್ಯ’ ಎಂಬ ಸಾಲು. ವಿಳಾಸ ಹೀಗಿದೆ:

```
https://ttdevasthanams.ap.gov.in.kothadi.example/room
```

(ಕೊನೆಯ `.example` ಉದಾಹರಣೆಗಳಿಗೆಂದೇ ಮೀಸಲಿಟ್ಟ ಹೆಸರು. ಮೋಸದ ಸೈಟಿನಲ್ಲಿ ಆ ಜಾಗದಲ್ಲಿ `.com`, `.in`, `.org` ಹೀಗೆ ಯಾವುದಾದರೂ ಇರುತ್ತದೆ.)

ಎಡದಿಂದ ಓದಿದ ಕಣ್ಣಿಗೆ ಇದು ಟಿಟಿಡಿಯದೇ. ಟಿಟಿಡಿಯ ನಿಜವಾದ ವಿಳಾಸ `ttdevasthanams.ap.gov.in`, ಅದು ಅಕ್ಷರವೂ ತಪ್ಪದೆ ಇಲ್ಲಿದೆ. ಆದರೆ ಕಂಪ್ಯೂಟರು ಎಡದಿಂದ ಓದುವುದಿಲ್ಲ.

ಇಂಟರ್‌ನೆಟ್‌ನ ಮೊದಲ ದಿನಗಳಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರೂ ಒಂದೇ ಪಟ್ಟಿಯಲ್ಲಿತ್ತು. ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಪಟ್ಟಿಯನ್ನು ನೋಡಿಕೊಳ್ಳುತ್ತಿತ್ತು. ಕಂಪ್ಯೂಟರುಗಳು ಹೆಚ್ಚಿದಂತೆ ಒಂದೇ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹೆಸರುಗಳನ್ನು ಹಂಚಿಡುವ ಹೊಸ ವ್ಯವಸ್ಥೆ ರೂಪಿಸಿದರು, ಅದೇ ಡಿಎನ್ಎಸ್. ನಾವು ಕಾಗದದ ಮೇಲೆ ಬರೆಯುವ ವಿಳಾಸದ ಹಾಗೆಯೇ ಇದು. ಹೆಸರು, ಬೀದಿ, ಊರು, ಜಿಲ್ಲೆ ಎಂದು ನಾವು ಮೇಲಿಂದ ಬರೆಯುತ್ತೇವೆ, ಅಂಚೆಯವರು ಕೆಳಗಿಂದ ಓದುತ್ತಾರೆ. ಶ್ರೀರಾಮ ಭಿಕಾಜಿ ವೆಲಣಕರ್ 1972ರಲ್ಲಿ ಜಾರಿಗೆ ತಂದ ಪಿನ್‌ಕೋಡ್ ಆ ಕೆಲಸವನ್ನು ಇನ್ನಷ್ಟು ಹಗುರ ಮಾಡಿತು. ಕೊನೆಯ ಸಾಲಿನಲ್ಲಿ 563131 ಎಂದು ಇದ್ದರೆ ಆ ಕಾಗದ ಮುಳಬಾಗಿಲಿಗೇ ಬರುತ್ತದೆ. ಮೇಲಿನ ಸಾಲಿನಲ್ಲಿ ‘ತಿರುಮಲ’ ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ಅದು ಬೆಟ್ಟ ಹತ್ತುವುದಿಲ್ಲ.

ಈಗ ಮೇಲಿನ ವಿಳಾಸವನ್ನು ಹಾಗೆ ಓದೋಣ. `https://` ದಾಟಿ ಮುಂದೆ ಸಿಗುವ ಮೊದಲ ಓರೆಗೆರೆಗೆ ವಿಳಾಸದ ಹೆಸರು ಮುಗಿಯಿತು. ಅಲ್ಲಿ ಬೆರಳಿಟ್ಟು ಎಡಕ್ಕೆ ಬನ್ನಿ. ಮೊದಲು `example`, ಅದರ ಒಳಗೆ `kothadi`. ಸೈಟಿನ ಒಡೆಯ ಯಾರೆಂಬುದು ಇಲ್ಲಿಗೇ ತೀರ್ಮಾನವಾಯಿತು. ‘ಕೊಠಡಿ’ ಎಂಬ ಹೆಸರು ಕೊಂಡವನು ಅದರ ಎಡಕ್ಕೆ ಏನು ಬೇಕಾದರೂ ಅಂಟಿಸಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಓರೆಗೆರೆಯ ಬಲಕ್ಕೆ ಬರೆಯುವುದೂ ಅವನ ಇಷ್ಟ. ಚುಕ್ಕೆಯ ಬದಲು ಅಡ್ಡಗೆರೆ ಹಾಕಿ `ttdevasthanams-ap-gov-in` ಎಂದು ಬರೆದರಂತೂ ಅದೆಲ್ಲ ಸೇರಿ ಒಂದೇ ಹೆಸರು, ಅದರಲ್ಲಿ ಸರ್ಕಾರದ ಪಾಲು ಏನೂ ಇಲ್ಲ.

ನಿಜವಾದ ವಿಳಾಸ ಓರೆಗೆರೆಗೆ ಮುಂಚೆ `.gov.in` ಎಂದೇ, ಎಡಗಡೆಯ ಚುಕ್ಕೆಯೂ ಸೇರಿ, ಮುಗಿಯಬೇಕು. ಈ ಹೆಸರನ್ನು ಸರ್ಕಾರದ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ, ಅಂಗಡಿಯಲ್ಲಿ ಕೊಂಡಂತೆ ಕೊಳ್ಳಲು ಬರುವುದಿಲ್ಲ. ಮೊಬೈಲಿನಲ್ಲಿ ವಿಳಾಸದ ಪಟ್ಟಿ ಚಿಕ್ಕದು, ಅದನ್ನು ಮುಟ್ಟಿ ಪೂರ್ತಿ ತೆರೆದು ನೋಡಬೇಕು.

ಈ ಉಪಾಯಕ್ಕೆ ಒಂದು ಮಿತಿಯಿದೆ. ಎಲ್ಲ ಕ್ಷೇತ್ರಗಳೂ ಸರ್ಕಾರದ ವಿಳಾಸದಲ್ಲಿಲ್ಲ. ಮಠಗಳು, ಟ್ರಸ್ಟುಗಳು ಯಾರು ಬೇಕಾದರೂ ಕೊಳ್ಳಬಹುದಾದ `.org`, `.com` ಹೆಸರುಗಳನ್ನು ಇಟ್ಟುಕೊಂಡಿವೆ. ಸೋಮನಾಥದ ಅಧಿಕೃತ ಸೈಟೇ `somnath.org`. ಅಂಥ ಕಡೆ ಹೆಸರು ಯಾವಾಗ ಹುಟ್ಟಿತು ಎಂದು ನೋಡಬೇಕು. ‘ಹೂಈಸ್’ ಎಂಬ ಹುಡುಕಾಟದ ಪುಟದಲ್ಲಿ ಸೈಟಿನ ಹೆಸರು ಹಾಕಿದರೆ `Creation Date` ಎಂಬ ಸಾಲು ಸಿಗುತ್ತದೆ. ತಲೆಮಾರುಗಳಿಂದ ನಡೆಯುತ್ತಿರುವ ಛತ್ರದ ಸೈಟು ಹೋದ ತಿಂಗಳು ಹುಟ್ಟಿದ್ದರೆ ಅಲ್ಲೇ ನಿಲ್ಲಿ. ಹಳೆಯ ಹೆಸರನ್ನು ಕೊಂಡು ಮೋಸ ಮಾಡುವವರೂ ಇದ್ದಾರೆ, ಆದ್ದರಿಂದ ಹಳೆಯದೆಲ್ಲ ಒಳ್ಳೆಯದು ಎಂದುಕೊಳ್ಳಬೇಡಿ. ಫೋನ್ ಮಾಡಿ ಕೇಳುವುದಾದರೆ ಆ ಸೈಟಿನಲ್ಲೇ ಇರುವ ನಂಬರಿಗೆ ಮಾಡಿ ಪ್ರಯೋಜನವಿಲ್ಲ, ಕಳ್ಳನನ್ನೇ ಸಾಕ್ಷಿ ಕೇಳಿದಂತಾಗುತ್ತದೆ. ಮ್ಯಾಪಿನಲ್ಲಿ ಕಾಣುವ ನಂಬರನ್ನೂ ಹೊರಗಿನವರು ಬದಲಾಯಿಸಿರಬಹುದು. ಹಿಂದೆ ಅಲ್ಲಿ ಉಳಿದು ಬಂದವರ ಬಳಿ ಇರುವ ರಸೀದಿಯ ನಂಬರು ಇವೆಲ್ಲಕ್ಕಿಂತ ಮೇಲು.

ಮುಳಬಾಗಿಲಿನ ಹುಡುಗ ಇಷ್ಟೆಲ್ಲ ನೋಡದೆ ಮುಂದುವರಿದ ಎನ್ನೋಣ. ಸೈಟು ಅವನನ್ನು ವಾಟ್ಸಾಪ್‌ಗೆ ಕಳಿಸುತ್ತದೆ. ಅಲ್ಲಿ ಒಬ್ಬರು ‘ನಮಸ್ಕಾರ ಸಾರ್, ಗೋವಿಂದ’ ಎಂದು ಕೊಠಡಿಯ ಫೋಟೊ, ಕ್ಯೂಆರ್ ಕೋಡ್ ಕಳಿಸಿ 1,500 ರೂಪಾಯಿ ಕೇಳುತ್ತಾರೆ. ಸ್ಕ್ಯಾನ್ ಮಾಡಿದ ಮೇಲೆ, ಪಿನ್ ಒತ್ತುವ ಮೊದಲು, ಪರದೆಯ ಮೇಲೆ ಹಣ ಪಡೆಯುವವರ ಹೆಸರು ಬರುತ್ತದೆ. ಅದು ಬ್ಯಾಂಕ್ ಖಾತೆಯಲ್ಲಿರುವ ಹೆಸರೇ ಆಗಿರಬೇಕು ಎಂದು ಯುಪಿಐ ನಡೆಸುವ ಎನ್‌ಪಿಸಿಐ 2025ರಲ್ಲಿ ಆಪ್‌ಗಳಿಗೆ ಸೂಚಿಸಿದೆ. ದೇವಸ್ಥಾನದ ಕೊಠಡಿಗೋ ಹುಂಡಿಗೋ ಹಣ ಕಟ್ಟುವಾಗ ಅಲ್ಲಿ ಯಾರೋ ಒಬ್ಬ ವ್ಯಕ್ತಿಯ ಹೆಸರೋ ಯಾವುದೋ ಎಂಟರ್‌ಪ್ರೈಸಸ್ಸಿನ ಹೆಸರೋ ಬಂದರೆ ಪಿನ್ ಒತ್ತಬಾರದು. ‘ಅದು ನಮ್ಮ ಅಕೌಂಟೆಂಟ್ ಖಾತೆ ಸಾರ್’ ಎಂಬ ಸಮಜಾಯಿಷಿಯನ್ನು ಒಪ್ಪಲೇಬೇಡಿ.

ಹಣ ಹೋದ ಮೇಲೆ ಸೀಲು, ಸಹಿ ಎಲ್ಲ ಇರುವ ರಸೀದಿ ಬರುತ್ತದೆ. ಅದರ ಹಿಂದೆಯೇ ‘ವಾಪಸ್ ಕೊಡುವ ಠೇವಣಿ 3,000 ಕಟ್ಟಿ, ಇಲ್ಲದಿದ್ದರೆ ಬುಕಿಂಗ್ ಆಗುವುದಿಲ್ಲ’ ಎಂಬ ಮಾತು. ಕಳೆದುಕೊಂಡ 1,500 ಉಳಿಸಿಕೊಳ್ಳಲು ಜನ ಇದನ್ನೂ ಕಟ್ಟುತ್ತಾರೆ. ಇಲ್ಲಿ ರಸೀದಿಯನ್ನು ನೋಡಿ ಉಪಯೋಗವಿಲ್ಲ, ಅದನ್ನು ಯಾರು ಬೇಕಾದರೂ ತಯಾರಿಸಬಹುದು. ಟಿಟಿಡಿಯ ವಿಳಾಸವನ್ನು ಕೈಯಾರೆ ಟೈಪ್ ಮಾಡಿ, ನಿಮ್ಮ ಮೊಬೈಲ್ ನಂಬರಿನಿಂದ ಒಳಹೋಗಿ ಬುಕಿಂಗ್ ಇತಿಹಾಸ ತೆಗೆಯಿರಿ. ಅಲ್ಲಿ ಕಾಣದ ಕೊಠಡಿ ಬೆಟ್ಟದ ಮೇಲೂ ಸಿಗುವುದಿಲ್ಲ.

ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಇಲ್ಲವೇ `cybercrime.gov.in`ನಲ್ಲಿ ದೂರು ಕೊಡಬೇಕು. ಹಣ ಹೋದ ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಎಟಿಎಂಗೆ ಬೇಗ ಬೇಗ ಜಾರುತ್ತಿರುತ್ತದೆ. ದೂರು ಸೇರಿದ ಹೊತ್ತಿಗೆ ಅದು ಯಾವ ಬ್ಯಾಂಕಿನಲ್ಲಿ ಉಳಿದಿದೆಯೋ ಆ ಬ್ಯಾಂಕು ಮಾತ್ರ ಅದನ್ನು ತಡೆಹಿಡಿಯಬಲ್ಲದು. ಫೋನ್ ಮಾಡುವ ಮುಂಚೆ ಪಾವತಿಯ ವಿವರದಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಹಣ ಹೋದ ದಾರಿಯನ್ನು ಬ್ಯಾಂಕಿನವರು ಹಿಡಿಯುವುದು ಅದರಿಂದಲೇ. ವಾಟ್ಸಾಪ್ ಮಾತುಕತೆಯನ್ನು ಅಳಿಸಬೇಡಿ, ಸೈಟಿನ ಪೂರ್ತಿ ವಿಳಾಸ ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.