ಮೊದಲ ಫಲಿತಾಂಶವನ್ನು ಮಾದರಿಯ ಪಕ್ಕ ಇಟ್ಟು, ವ್ಯತ್ಯಾಸ ಮಾತ್ರ ಹೇಳುವ ಪ್ರಾಂಪ್ಟ್

ಬಳ್ಳಾರಿಯ ಒಂದು ಚಿಕ್ಕ ಜೀನ್ಸ್ ಘಟಕಕ್ಕೆ ದರಪಟ್ಟಿಯ ಪುಟ ಮಾಡಬೇಕು ಅಂದ್ಕೊಳ್ಳಿ. ಇಷ್ಟವಾದ ಪುಟವೊಂದರ ಮೊಬೈಲ್ ಸ್ಕ್ರೀನ್‌ಶಾಟ್ ಅನ್ನು ಮಾದರಿಯಾಗಿ ಎಐಗೆ ಕೊಟ್ಟು, ಇದೇ ಥರ HTML, CSS ಬರೆದುಕೊಡು ಅಂದಿರಿ. ಬಂದಿದ್ದು ಹತ್ತಿರ ಇದೆ, ಆದರೆ ಅದೇ ಅಲ್ಲ. ಈಗ "ಇನ್ನೂ ಮಾದರಿ ಥರ ಮಾಡು" ಅಂತ ಸುಮ್ನೆ ಬರೆದರೆ, ಎಲ್ಲಿ ತಪ್ಪಿದೆ ಅಂತ ಅದಕ್ಕೆ ತಿಳಿಯುವುದಿಲ್ಲ, ಸರಿಯಾಗಿದ್ದ ಬಣ್ಣ, ಬಟನ್ ಎಲ್ಲವನ್ನೂ ಬದಲಾಯಿಸಿಬಿಡಬಹುದು. ಮೊದಲ ಪ್ರಾಂಪ್ಟನ್ನೇ ಮತ್ತೆ ಅಂಟಿಸಿದರೂ ಅಷ್ಟೇ.

ಮೊದಲು ಎರಡನ್ನೂ ಒಂದೇ ಅಗಲಕ್ಕೆ ತನ್ನಿ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಸ್ಕ್ರೀನ್‌ಶಾಟ್ 1080 ಪಿಕ್ಸೆಲ್ ಅಗಲ ಇರುತ್ತೆ, ಆದರೆ ಅದೇ ಮೊಬೈಲಿನಲ್ಲಿ ಬ್ರೌಸರ್ ಲೆಕ್ಕಕ್ಕೆ ಪುಟದ ಅಗಲ 360px ಇರಬಹುದು, ಅಂದರೆ ಚಿತ್ರ ಅದರ ಮೂರು ಪಟ್ಟು. ಚಿತ್ರದಲ್ಲಿ ಒಂದೊಂದು ಬಟ್ಟೆಯ ದರ ತೋರಿಸುವ ಕಾರ್ಡ್‌ಗಳ ನಡುವೆ 48 ಪಿಕ್ಸೆಲ್ ಅಳೆದರೆ, CSS ಲೆಕ್ಕದಲ್ಲಿ ಅದು 16px. ಭಾಗಿಸದೆ 48px ಬೇಕು ಅಂತ ಬರೆದರೆ ಕಾರ್ಡ್‌ಗಳು ದೂರದೂರ ಹೋಗುತ್ತವೆ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನಿಮ್ಮ ಪುಟವನ್ನು 360ಕ್ಕೆ ಇಟ್ಟು ಮಾದರಿಯ ಪಕ್ಕ ನೋಡಿ.

ಮೇಲಿಂದ ಕೆಳಕ್ಕೆ ನೋಡುತ್ತಾ ಹೋಗಿ. ಮಾದರಿಯಲ್ಲಿ ಬೇರೆ ಅಂಗಡಿಯ ಹೆಸರು, ಬೇರೆ ದರ ಇರುತ್ತೆ, ಅದು ವ್ಯತ್ಯಾಸ ಅಲ್ಲ, ಅದನ್ನು ಬರೆಯಬೇಡಿ. ಕನ್ನಡದ ಅಕ್ಷರಗಳನ್ನು ಮಾತ್ರ ಹತ್ತಿರದಿಂದ ನೋಡಿ. ಕಾರ್ಡಿನ ಮೇಲೆ "ಬಳ್ಳಾರಿ ಜೀನ್ಸ್" ಅಂತ ಇದ್ದರೆ ಳ್ಳ ಮತ್ತು ನ್ಸ್ ನೋಡಿ. ಹೆಸರು ಒಂದೇ ಸಾಲಿನಲ್ಲಿರಲಿ ಅಂತ `white-space: nowrap`, `overflow: hidden` ಹಾಕಿ, ಜೊತೆಗೆ `line-height: 1` ಕೊಟ್ಟಿದ್ದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುವುದುಂಟು. ಇಂಗ್ಲಿಷ್ ಮಾದರಿ ಇಟ್ಟುಕೊಂಡು ಮಾಡಿದ ಪುಟದಲ್ಲಿ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಈಗ ಬರೆಯುವುದು. ಪ್ರತಿ ಸಾಲಿನಲ್ಲೂ ಎಲ್ಲಿ, ಈಗ ಹೇಗಿದೆ, ಹೇಗಿರಬೇಕು, ಇಷ್ಟೇ:

```
ಮೂರು ಕಡೆ ಮಾತ್ರ ಬದಲಾಯಿಸು:
1. ಶೀರ್ಷಿಕೆ: ಈಗ ನಡುವೆ ಇದೆ, ಎಡಕ್ಕೆ ಇರಬೇಕು.
2. ಕಾರ್ಡ್‌ಗಳ ಅಂತರ: ಈಗ 24px, 16px ಇರಬೇಕು.
3. ಕಾರ್ಡಿನ ಹೆಸರು: ಒತ್ತಕ್ಷರ ಕತ್ತರಿಸಿದೆ,
   line-height 1.5 ಮಾಡು.
ಉಳಿದದ್ದು ಹಾಗೇ ಇರಲಿ.
```

ಮೂರನೆಯದರಲ್ಲಿ ಕಾರಣ ಗೊತ್ತಿದೆ, ಅದಕ್ಕೇ ಪರಿಹಾರವನ್ನೂ ಬರೆದಿದ್ದೇನೆ. ಗೊತ್ತಿಲ್ಲದಿದ್ದರೆ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ. ಊಹೆಯ ಪರಿಹಾರ ಕೊಟ್ಟರೆ ಅದನ್ನೇ ಮಾಡಿಬಿಡುತ್ತೆ, ತೊಂದರೆ ಹಾಗೇ ಉಳಿಯುತ್ತೆ.

ಮಾದರಿಯಲ್ಲಿ ಕಾರ್ಡ್‌ಗಳು ಎರಡೆರಡಾಗಿ ಪಕ್ಕಪಕ್ಕ ಇದ್ದು, ನಿಮಗೆ ಒಂದರ ಕೆಳಗೊಂದು ಬಂದಿದ್ದರೆ ಮೊದಲು ಅದೊಂದನ್ನೇ ಹೇಳಿ. ಜೋಡಣೆ ಬದಲಾದ ಮೇಲೆ ಅಂತರಗಳೂ ಬದಲಾಗುತ್ತವೆ, ಮುಂಚೆ ಅಳೆದದ್ದು ದಂಡ.

ಎರಡನೇ ಫಲಿತಾಂಶ ಬಂದಾಗ ಹೇಳಿದ ಮೂರು ಸರಿಯಾಯಿತಾ ಅಂತ ನೋಡಿದರೆ ಸಾಲದು. ಹಳೆಯ ಫೈಲನ್ನು ಮೊದಲೇ ಗಿಟ್‌ನಲ್ಲಿ ಕಮಿಟ್ ಮಾಡಿಟ್ಟಿದ್ದರೆ, ಹೊಸದನ್ನು ಅದೇ ಫೈಲಿನಲ್ಲಿ ಉಳಿಸಿ `git diff` ಕೊಡಿ, ಬದಲಾದ ಸಾಲುಗಳು ಕಾಣುತ್ತವೆ. ನೀವು ಹೇಳದೇ ಇದ್ದ ಬಟನ್ನಿನ ಬಣ್ಣವೂ ಆ ಪಟ್ಟಿಯಲ್ಲಿದ್ದರೆ, ಆ ಸಾಲನ್ನು ಕೈಯಾರೆ ಹಳೆಯದಕ್ಕೆ ತಿರುಗಿಸಿ. ಅದಕ್ಕೆ ಇನ್ನೊಂದು ಪ್ರಾಂಪ್ಟ್ ಬೇಕಿಲ್ಲ.