ಅತ್ತೆಯ ಬೊಟ್ಟು ಎಲ್ಲಿ ಹೋಯಿತು? ಒಂದು ಕ್ಯಾಮೆರಾ ಫಿಲ್ಟರ್‌ನ ಹಿನ್ನೆಲೆ

ಫೋನ್ ಕ್ಯಾಮೆರಾಗೆ ಒಂದು ಜಲವರ್ಣ ಫಿಲ್ಟರ್ ಮಾಡುತ್ತಿದ್ದೆ. ಎದುರಿಗಿರುವವರು ತಲೆ ಅಲ್ಲಾಡಿಸಿದರೆ ಪರದೆಯ ಮೇಲಿನ ಬಣ್ಣದ ಚಿತ್ರವೂ ಕೂಡಲೇ ಅಲ್ಲಾಡಬೇಕು. ಮೊದಲು ತೋರಿಸಿದ್ದು ನಮ್ಮ ಸೋದರತ್ತೆಗೆ. ಅವರು ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿ, "ಚೆನ್ನಾಗಿದೆ ಕಣೋ, ಆದ್ರೆ ನನ್ನ ಬೊಟ್ಟೆಲ್ಲಿ?" ಅಂದರು. ನಿಜ, ಹಣೆ ಬೋಳಾಗಿತ್ತು.

ಬೊಟ್ಟು ಎಲ್ಲಿ ಕಳೆದುಹೋಯಿತು ಅಂತ ತಿಳಿಯಬೇಕಾದರೆ ಇಂಥ ಫಿಲ್ಟರ್‌ಗಳು ಹುಟ್ಟಿದ ಕಡೆಯಿಂದಲೇ ಶುರು ಮಾಡಬೇಕು.

2015ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಲಿಯಾನ್ ಗೇಟಿಸ್ ಮತ್ತು ಸಂಗಡಿಗರು ಒಂದು ಫೋಟೋಗೆ ಇನ್ನೊಂದು ಚಿತ್ರದ ಶೈಲಿ ಹಚ್ಚುವುದನ್ನು ತೋರಿಸಿದರು. ವಿಜಿಜಿ ಎಂಬ ನೆಟ್‌ವರ್ಕ್, ಅಂದರೆ ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ ಇತ್ತು. ಅದು ನಾಯಿ, ಕಾರು, ಕುರ್ಚಿ ಗುರುತಿಸಲು ಕಲಿತದ್ದು. ಅದನ್ನೇ ಇವರು ತೀರ್ಪುಗಾರನನ್ನಾಗಿ ಕೂರಿಸಿದರು. ಚಿತ್ರವನ್ನು ಸ್ವಲ್ಪ ತಿದ್ದುವುದು, ವಿಜಿಜಿಗೆ ತೋರಿಸುವುದು, ಶೈಲಿ ಎಷ್ಟು ಹತ್ತಿರ ಬಂತು ನೋಡುವುದು, ಮತ್ತೆ ತಿದ್ದುವುದು. ಹೀಗೆ ನೂರಾರು ಸಲ. ಒಂದು ಫೋಟೋ ಮುಗಿಯಲು ನಿಮಿಷಗಳೇ ಬೇಕಿತ್ತು.

ಮರುವರ್ಷವೇ ಸ್ಟ್ಯಾನ್‌ಫರ್ಡ್‌ನ ಜಸ್ಟಿನ್ ಜಾನ್ಸನ್ ಮತ್ತು ಜೊತೆಗಾರರು ಈ ಲೆಕ್ಕವನ್ನು ತಿರುಗಿಸಿದರು. ಪ್ರತಿ ಫೋಟೋಗೂ ಒದ್ದಾಡುವ ಬದಲು, ಆ ಒದ್ದಾಟದ ಫಲವನ್ನು ಒಂದೇ ಏಟಿಗೆ ಕೊಡುವ ಚಿಕ್ಕ ನೆಟ್‌ವರ್ಕನ್ನು ಮೊದಲೇ ತರಬೇತಿ ಮಾಡಿ ಇಟ್ಟುಕೊಂಡರೆ? ಖರ್ಚೆಲ್ಲಾ ಒಂದೇ ಸಲ, ಮುಂಚೆಯೇ. ವೇಗ ನೂರಾರು ಪಟ್ಟು ಹೆಚ್ಚಿತು. ಅದೇ 2016ರಲ್ಲಿ ಪ್ರಿಸ್ಮಾ ಆ್ಯಪ್ ಬಂತು, ಎಲ್ಲರ ಪ್ರೊಫೈಲ್ ಚಿತ್ರವೂ ಪೇಂಟಿಂಗ್ ಆಯಿತು. ನೆನಪಿದೆ ಅಲ್ವಾ?

ಆದರೆ ಆ ಫಿಲ್ಟರ್‌ಗಳಿಗೆ ಕೆನ್ನೆಯೂ ಒಂದೇ, ಗೋಡೆಯೂ ಒಂದೇ. ಎರಡಕ್ಕೂ ಅದೇ ಕುಂಚದ ಗೀರು. ಕಣ್ಣನ್ನು ಚಿತ್ರಕಾರ ಹೇಗೆ ಬರೆಯುತ್ತಾನೆ ಎಂಬುದು ಅವಕ್ಕೆ ಗೊತ್ತಿರಲಿಲ್ಲ. ಅದು ಗೊತ್ತಿರುವ ಮಾಡೆಲ್ ಎಲ್ಲರ ಕೈಗೂ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಬಿಡುಗಡೆಯಾದಾಗ. ಫೋಟೋ ಮೇಲೆ ಒಂದಿಷ್ಟು ಗದ್ದಲ, ಅಂದರೆ ಮರಳು ಚೆಲ್ಲಿದಂಥ ಚುಕ್ಕೆಗಳನ್ನು ಸುರಿಯುವುದು. ಆಮೇಲೆ "ಇದು ಜಲವರ್ಣ ಚಿತ್ರ" ಎಂದು ಹೇಳಿ ಆ ಗದ್ದಲವನ್ನು ಹಂತ ಹಂತವಾಗಿ ತೆಗೆಸುವುದು. ರೆಪ್ಪೆ ರೆಪ್ಪೆಯಂತೆ, ಕೂದಲು ಕೂದಲಿನಂತೆ ಬರುತ್ತದೆ.

ತೊಡಕು ಇರುವುದು ಭಾರದಲ್ಲಿ. ಇದರ ಮುಖ್ಯ ನೆಟ್‌ವರ್ಕ್‌ನಲ್ಲಿ ಸುಮಾರು 86 ಕೋಟಿ ಪ್ಯಾರಾಮೀಟರ್‌ಗಳಿವೆ, ಅಂದರೆ ಕಲಿಯುವಾಗ ಹೊಂದಿಸಿಕೊಂಡ ಅಂಕಿಗಳು. 25 ಹಂತ ನಡೆಸಿದರೆ, ಹಂತಕ್ಕೆ ಎರಡು ಸಲದಂತೆ, ಒಂದು ಚಿತ್ರಕ್ಕೆ 50 ಸಲ ಅದು ಓಡಬೇಕು. ವಿಡಿಯೋದಲ್ಲಿ ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಸಿಗುವುದು 33 ಮಿಲಿಸೆಕೆಂಡ್. ಅದರಲ್ಲೂ ಕ್ಯಾಮೆರಾ, ಮುಖ ಹುಡುಕುವುದು, ಪರದೆಗೆ ಬಿಡಿಸುವುದು ಎಲ್ಲಾ ಪಾಲು ಕೇಳುತ್ತವೆ. ಫೋನ್ ಬಿಸಿಯಾದರೆ ತಾನೇ ನಿಧಾನವಾಗುತ್ತದೆ, ಆಗ ಇದ್ದದ್ದೂ ಸಾಲದು. ಹತ್ತು–ಹದಿನೈದು ಮಿಲಿಸೆಕೆಂಡ್‌ನಲ್ಲಿ ಕೆಲಸ ಮುಗಿದರೆ ನಿಶ್ಚಿಂತೆ.

ಹಾಗಾಗಿ 2016ರ ಉಪಾಯವೇ ಮತ್ತೆ ಬಂತು, ತೀರ್ಪುಗಾರನ ಜಾಗದಲ್ಲಿ ಗುರು ಕೂತ. ದೊಡ್ಡ ಮಾಡೆಲ್ ಸಾವಿರಾರು ಮುಖಗಳಿಗೆ ಶೈಲಿ ಹಚ್ಚಿ ಕೊಡುತ್ತದೆ. ಮೂಲ ಫೋಟೋ, ಬಣ್ಣದ ಚಿತ್ರ, ಹೀಗೆ ಜೋಡಿಗಳು ಸಿದ್ಧವಾಗುತ್ತವೆ. ಕೆಲವೇ ಲಕ್ಷ ಪ್ಯಾರಾಮೀಟರ್‌ಗಳ ಶಿಷ್ಯ ಆ ಜೋಡಿಗಳನ್ನು ನೋಡಿ ಒಂದೇ ಓಟದಲ್ಲಿ ಅದನ್ನೇ ಮಾಡಲು ಕಲಿಯುತ್ತದೆ. ಇದಕ್ಕೆ ಭಟ್ಟಿ ಇಳಿಸುವುದು ಎನ್ನುತ್ತಾರೆ. ನಮ್ಮಲ್ಲಿ ಆ ಮಾತಿಗೆ ಕದ್ದು ಬರೆಯುವುದು ಎಂಬ ಅರ್ಥವೂ ಇದೆ, ಇಲ್ಲಿ ಅದೂ ತಪ್ಪೇನಲ್ಲ. 2020ರಲ್ಲೇ ಮುಖಗಳನ್ನು ಸೃಷ್ಟಿಸುವ ಸ್ಟೈಲ್‌ಗ್ಯಾನ್ ಎಂಬ ಮಾಡೆಲ್‌ನಿಂದ ಹೀಗೆ ಜೋಡಿ ಮಾಡಿಸಿ ಕಲಿಸುವುದು ಬಂದಿತ್ತು. ಯೂಟ್ಯೂಬ್ ಶಾರ್ಟ್ಸ್‌ನ ಎಫೆಕ್ಟ್‌ಗಳೂ ಇದೇ ದಾರಿಯವು: ಗೂಗಲ್ 2025ರಲ್ಲಿ ಹೇಳಿಕೊಂಡಂತೆ ಮೊದಲು ಸ್ಟೈಲ್‌ಗ್ಯಾನ್, ಆಮೇಲೆ ಡಿಫ್ಯೂಷನ್ ಮಾಡೆಲ್ ಆದ ಇಮ್ಯಾಜೆನ್ ಗುರುವಾಯಿತು.

ಕೇಳಲು ಸುಲಭ. ಆದರೆ ಡಿಫ್ಯೂಷನ್ ಗುರುವಿಗೆ ಒಂದು ಚಾಳಿ ಇದೆ: ಒಂದೇ ಪ್ರಶ್ನೆಗೆ ಪ್ರತಿ ಸಲ ಬೇರೆ ಉತ್ತರ. ಅದೇ ಫೋಟೋ ಕೊಟ್ಟು ಗದ್ದಲ ಬದಲಿಸಿದರೆ ಒಮ್ಮೆ ಕೂದಲಿನ ಗೀರು ಎಡಕ್ಕೆ, ಒಮ್ಮೆ ಬಲಕ್ಕೆ. ಶಿಷ್ಯನಿಗೆ ಗದ್ದಲ ಕಾಣುವುದಿಲ್ಲ, ಫೋಟೋ ಮಾತ್ರ ಕಾಣುತ್ತದೆ. ಗೀರು ಯಾವ ಕಡೆ ಎಂದು ಅದಕ್ಕೆ ಊಹಿಸಲು ದಾರಿಯೇ ಇಲ್ಲ. ಪಿಕ್ಸೆಲ್ ಲೆಕ್ಕದಲ್ಲಿ ಅಂಕ ಕೊಟ್ಟರೆ ಅದು ಯಾರ ಜೊತೆಯೂ ಜಗಳ ಬೇಡವೆಂದು ನಡುವಿನ ಬಣ್ಣ ಬಳಿಯುತ್ತದೆ. ನನ್ನ ಮೊದಲ ಶಿಷ್ಯನ ಚಿತ್ರಗಳಲ್ಲಿ ಕೂದಲೆಂದರೆ ಕಂದು ಕೆಸರು.

ಗುರುವಿಗೆ ಎಲ್ಲಾ ಫೋಟೋಗಳಿಗೂ ಒಂದೇ ಗದ್ದಲ ಕೊಟ್ಟೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಯಾಕೆಂದರೆ ಗದ್ದಲ ಪರದೆಗೆ ಅಂಟಿರುತ್ತದೆ, ಮುಖ ಚೂರು ಸರಿದರೂ ಅದರ ಕೆಳಗೆ ಬೇರೆ ಗದ್ದಲ ಬರುತ್ತದೆ. ಆಮೇಲೆ ಜೋಡಿಗಳನ್ನೇ ಸೋಸಿದೆ. ಮೂಲದಲ್ಲೂ ಚಿತ್ರದಲ್ಲೂ ಕಣ್ಣಿನ ಮೂಲೆ, ತುಟಿಯ ಅಂಚು ಅಳೆದು, ನಾಲ್ಕು ಪಿಕ್ಸೆಲ್‌ಗಿಂತ ಜಾಸ್ತಿ ಸರಿದಿದ್ದನ್ನು ಎಸೆದೆ. ಪಿಕ್ಸೆಲ್ ಲೆಕ್ಕದ ಜೊತೆಗೆ ಅಂಕ ಕೊಡಲು ವಿಜಿಜಿಯನ್ನೇ ಕರೆತಂದೆ, 2015ರ ಅದೇ ಹಳೇ ತೀರ್ಪುಗಾರ. ಅದು ಗೀರು ಎಲ್ಲಿದೆ ಎನ್ನುವುದಕ್ಕಿಂತ ಗೀರು ಗೀರಿನಂತಿದೆಯೇ ಎಂದು ನೋಡುತ್ತದೆ. ಕೆಸರು ಕೂದಲಾಯಿತು.

ಇನ್ನೊಂದು ಕಾಟ ಮಿನುಗು. ಸಂಜೆ ಬೆಳಕಿನಲ್ಲಿ ಕ್ಯಾಮೆರಾ ಚಿತ್ರ ಮರಳು ಮರಳಾಗಿರುತ್ತದೆ. ಶಿಷ್ಯ ಆ ಮರಳನ್ನೇ ಗೆರೆ ಅಂದುಕೊಂಡು ಫ್ರೇಮ್‌ಗೊಂದು ಗೆರೆ ಎಳೆಯುತ್ತದೆ. ಪತ್ತೆ ಮಾಡುವುದು ಕಷ್ಟವಲ್ಲ: ಫೋನನ್ನು ಸ್ಟ್ಯಾಂಡಿನ ಮೇಲಿಟ್ಟು ಗೋಡೆಗೆ ನೇತುಹಾಕಿದ ಫೋಟೋ ಒಂದನ್ನು ತೋರಿಸಿ. ಏನೂ ಅಲ್ಲಾಡದೆ ಇರುವಾಗಲೂ ಪರದೆ ಮೇಲೆ ಗೆರೆ ಕುಣಿದರೆ ಅದೇ ರೋಗ. ಔಷಧವೂ ಸರಳ. ತರಬೇತಿಯಲ್ಲಿ ಮೂಲ ಫೋಟೋ ಮೇಲೆ ಮರಳು ಚೆಲ್ಲಿ, ಉತ್ತರವನ್ನು ಹಾಗೇ ಬಿಡುವುದು. ಎರಡನ್ನೂ ಒಂದೇ ಅಳತೆಗೆ ಸರಿಸಿ, ಓರೆ ಮಾಡಿ ಕಲಿಸುವುದು.

ಈಗ ಬೊಟ್ಟಿಗೆ ಬರೋಣ. ತಪ್ಪು ಶಿಷ್ಯನದಲ್ಲ. ಜೋಡಿಗಳನ್ನು ತೆರೆದು ನೋಡಿದರೆ ಗುರುವೇ ಬೊಟ್ಟು ಅಳಿಸಿಟ್ಟಿತ್ತು. ಸ್ಟೇಬಲ್ ಡಿಫ್ಯೂಷನ್ ಚಿತ್ರವನ್ನು ನೇರವಾಗಿ ತಿದ್ದುವುದಿಲ್ಲ, ಮೊದಲು ಕುಗ್ಗಿಸುತ್ತದೆ. 512 ಪಿಕ್ಸೆಲ್ ಅಗಲದ ಚಿತ್ರ 64 ಮನೆಗಳಾಗುತ್ತದೆ, ಒಂದು ಮನೆಗೆ ಎಂಟು ಪಿಕ್ಸೆಲ್. ನಾನು ಭುಜದವರೆಗಿನ ಫೋಟೋಗಳನ್ನು ಕೊಟ್ಟಿದ್ದೆ. ಅದರಲ್ಲಿ ಬೊಟ್ಟು ಬರೀ ಆರು ಪಿಕ್ಸೆಲ್. ಒಂದು ಮನೆಯೂ ತುಂಬದ ಕೆಂಪು ಚುಕ್ಕೆ ಗದ್ದಲದಲ್ಲಿ ಮುಳುಗಿದರೆ, ತೆಗೆಯುವಾಗ ಅದೂ ಗದ್ದಲವೇ ಅಂತ ಒರೆಸಿ ಹಾಕುವುದು ಸಹಜ. ಶಿಷ್ಯ ಸಾವಿರಾರು ಜೋಡಿ ನೋಡಿ ಬೊಟ್ಟು ಕಂಡರೆ ಚರ್ಮದ ಬಣ್ಣ ಬಳಿಯಬೇಕು ಅಂತ ಶ್ರದ್ಧೆಯಿಂದ ಕಲಿತಿತ್ತು.

ಮುಖವನ್ನಷ್ಟೇ ಕತ್ತರಿಸಿ 512ಕ್ಕೆ ದೊಡ್ಡದು ಮಾಡಿ ಗುರುವಿಗೆ ಕೊಟ್ಟೆ. ಬೊಟ್ಟು ಹದಿನೆಂಟು ಪಿಕ್ಸೆಲ್ ಆಯಿತು. ಸುರಿಯುವ ಗದ್ದಲವನ್ನೂ ಕಡಿಮೆ ಮಾಡಿದೆ, `strength` 0.6 ಇದ್ದದ್ದು 0.45ಕ್ಕೆ. ಜಲವರ್ಣದ ಸೊಗಸು ಸ್ವಲ್ಪ ತಗ್ಗಿತು, ಮುಖ ಉಳಿಯಿತು. ಜೋಡಿಗಳನ್ನೆಲ್ಲಾ ಹೊಸದಾಗಿ ಮಾಡಿಸಿ ಶಿಷ್ಯನಿಗೆ ಮೊದಲಿಂದ ಪಾಠ ಹೇಳಬೇಕಾಯಿತು.

ಮತ್ತೆ ಅತ್ತೆಗೆ ತೋರಿಸಿದೆ. ಹಣೆಯಲ್ಲಿ ಬೊಟ್ಟಿತ್ತು. ಮೂಗುತಿ ಮಾತ್ರ ತಲೆ ತಿರುಗಿಸಿದಾಗ ಇರುತ್ತದೆ, ನೇರ ನೋಡಿದಾಗ ಇರುವುದಿಲ್ಲ. ಅದು ನಾಲ್ಕೇ ಪಿಕ್ಸೆಲ್.